ಆರನೇ ಬೆರಳು ಎಲ್ಲಿಂದ ಬಂತು, ಎಲ್ಲಿಗೆ ಹೋಯಿತು?

2023ರ ಶುರುವಿನ ಮಾತು. ಮುಂಬಯಿಯ ಮಾಟುಂಗದಲ್ಲಿ ಒಂದು ಉಡುಪಿ ಹೋಟೆಲಿನ ವಾರ್ಷಿಕೋತ್ಸವಕ್ಕೆ ಫ್ಲೆಕ್ಸ್ ಆಗಬೇಕಿತ್ತು. ದಾದರಿನಲ್ಲಿ ಡಿಸೈನ್ ಕೆಲಸ ಮಾಡುವ ನನ್ನ ಗೆಳೆಯನಿಗೆ ಆ ಕೆಲಸ ಸಿಕ್ಕಿತ್ತು. ಫೋಟೋಗ್ರಾಫರ್ ಖರ್ಚು ಉಳಿಯಲಿ ಎಂದು ಅವನು ಹೇಳಿದ್ದನ್ನು ಚಿತ್ರವಾಗಿಸುವ ಎಐ ಸಾಫ್ಟ್‌ವೇರ್ ಸ್ಟೇಬಲ್ ಡಿಫ್ಯೂಷನ್ 1.5ರಲ್ಲಿ ಚಿತ್ರ ಮಾಡಿಸಿದ. ಬಿಳಿ ಪಂಚೆ ಉಟ್ಟವನೊಬ್ಬ ನಿಂತುಕೊಂಡು, ಸ್ಟೀಲ್ ಲೋಟದಿಂದ ಬಟ್ಟಲಿಗೆ ಕಾಫಿ ಎತ್ತಿ ಹೊಯ್ಯುತ್ತಿದ್ದಾನೆ. ಪಂಚೆಯ ಮಡಿಕೆ, ಹಿಂದಿನ ಹಳೇ ಮರದ ಕುರ್ಚಿ, ಕಾಫಿಯ ನೊರೆ, ಎಲ್ಲ ಚೆನ್ನಾಗಿ ಬಂದಿತ್ತು. ಹೋಟೆಲಿನ ಯಜಮಾನರು ಮೊಬೈಲಿನಲ್ಲಿ ನೋಡಿ ತಲೆಯಾಡಿಸಿದರು. ಆಮೇಲೆ ಎರಡು ಬೆರಳಿನಲ್ಲಿ ಚಿತ್ರ ಹಿಗ್ಗಿಸಿದರು. "ಇದೆಂಥ ಮಾರಾಯಾ, ಇವನಿಗೆ ಆರು ಬೆರಳು ಉಂಟಲ್ಲ!"

ಆಗ ಇದು ಎಲ್ಲರಿಗೂ ಗೊತ್ತಿದ್ದ ವಿಷಯವೇ. ಎಐ ಚಿತ್ರ ಹೌದೋ ಅಲ್ಲವೋ ಅಂತ ತಿಳಿಯಬೇಕಾ, ಕೈ ನೋಡು. ಈಗ ಆ ಉಪಾಯ ಹೆಚ್ಚುಕಡಿಮೆ ಕೆಲಸ ಮಾಡುವುದಿಲ್ಲ. ಕುರ್ಚಿಯನ್ನೂ ಕಾಫಿ ನೊರೆಯನ್ನೂ ಸರಿಯಾಗಿ ಬಿಡಿಸಿದ ಸಾಫ್ಟ್‌ವೇರ್‌ಗೆ ಮಗುವಿಗೂ ಗೊತ್ತಿರುವ ಐದು ಬೆರಳಿನ ಲೆಕ್ಕ ಯಾಕೆ ತಪ್ಪಿತು? ಆಮೇಲೆ ಏನು ಬದಲಾಯಿತು? ಇದೇ ಕಾಫಿ ಚಿತ್ರವನ್ನು ಇಟ್ಟುಕೊಂಡು ನೋಡೋಣ.

ಮೊದಲು ಅಳತೆ ಮಾಡೋಣ. ಸ್ಟೇಬಲ್ ಡಿಫ್ಯೂಷನ್ 1.5 ಕಲಿತದ್ದು 512 ಪಿಕ್ಸೆಲ್ ಅಗಲ, 512 ಪಿಕ್ಸೆಲ್ ಎತ್ತರದ ಚಿತ್ರಗಳಲ್ಲಿ. ಅದು ಬಿಡಿಸುವುದೂ ಅದೇ ಅಳತೆಯಲ್ಲಿ ಚೆಂದ. ನಮ್ಮ ಕಾಫಿಯವನು ಅಡಿಯಿಂದ ಮುಡಿಯವರೆಗೆ ಚಿತ್ರದಲ್ಲಿ ಕಾಣಬೇಕು. ಮೇಲೆ ಕೆಳಗೆ ಸ್ವಲ್ಪ ಜಾಗ ಬಿಟ್ಟರೆ ಅವನಿಗೆ ಸುಮಾರು 440 ಪಿಕ್ಸೆಲ್ ಎತ್ತರ ಸಿಗುತ್ತದೆ. ಅವನ ನಿಜವಾದ ಎತ್ತರ 165 ಸೆಂಟಿಮೀಟರ್ ಎಂದುಕೊಳ್ಳಿ. ಆಗ ಒಂದು ಸೆಂಟಿಮೀಟರಿಗೆ ಎರಡೂಮುಕ್ಕಾಲು ಪಿಕ್ಸೆಲ್ ಕೂಡ ಬರುವುದಿಲ್ಲ. ಮಣಿಕಟ್ಟಿನಿಂದ ನಡುಬೆರಳಿನ ತುದಿಯವರೆಗೆ ಕೈ 18 ಸೆಂಟಿಮೀಟರ್ ಇರುತ್ತದೆ. ಚಿತ್ರದಲ್ಲಿ ಅದು 48 ಪಿಕ್ಸೆಲ್. ಅಂಗೈ ಅಗಲ 8 ಸೆಂಟಿಮೀಟರ್, ಅಂದರೆ 21 ಪಿಕ್ಸೆಲ್. ಒಂದು ಬೆರಳಿನ ದಪ್ಪ ಒಂದೂಮುಕ್ಕಾಲು ಸೆಂಟಿಮೀಟರಿನಷ್ಟು. ಚಿತ್ರದಲ್ಲಿ ನಾಲ್ಕೂವರೆ ಪಿಕ್ಸೆಲ್.

ನಾಲ್ಕೂವರೆ ಪಿಕ್ಸೆಲ್ ಕಡಿಮೆಯೇ. ಆದರೂ ಒಬ್ಬ ಮನುಷ್ಯ ತಾಳ್ಮೆಯಿಂದ ಕೂತು ಚುಕ್ಕೆ ಚುಕ್ಕೆ ಇಟ್ಟರೆ ಅಷ್ಟರಲ್ಲೇ ಬೆರಳು ತೋರಿಸಬಹುದು. ತೊಂದರೆ ಏನೆಂದರೆ, ಈ ಸಾಫ್ಟ್‌ವೇರ್ ನೇರವಾಗಿ ಪಿಕ್ಸೆಲ್ ಬಿಡಿಸುವುದಿಲ್ಲ. ಪಿಕ್ಸೆಲ್‌ಗಳಲ್ಲೇ ಲೆಕ್ಕ ಹಾಕುತ್ತಾ ಕೂತರೆ ಕಂಪ್ಯೂಟರ್‌ಗೆ ಬಹಳ ಭಾರ. ಹಾಗಾಗಿ ಅದು ಮೊದಲು ಒಂದು ಕುಗ್ಗಿಸಿದ ಚಿತ್ರದ ಮೇಲೆ ಕೆಲಸ ಮಾಡುತ್ತದೆ. ಇದನ್ನು ಲೇಟೆಂಟ್ ಅನ್ನುತ್ತಾರೆ. 512ಕ್ಕೆ 512ರ ಚಿತ್ರ ಅಲ್ಲಿ 64ಕ್ಕೆ 64 ಚೌಕಗಳ ಒಂದು ಪಟ್ಟಿ. ಅಂದರೆ 8 ಪಿಕ್ಸೆಲ್ ಅಗಲ, 8 ಪಿಕ್ಸೆಲ್ ಎತ್ತರದ ಜಾಗಕ್ಕೆಲ್ಲ ಸೇರಿ ಒಂದೇ ಚೌಕ. ಆ ಚೌಕದಲ್ಲಿ ನಾಲ್ಕೇ ಸಂಖ್ಯೆಗಳು. ಮೂಲ ಚಿತ್ರದಲ್ಲಿ ಅದೇ ಜಾಗಕ್ಕೆ 64 ಪಿಕ್ಸೆಲ್, ಒಂದೊಂದಕ್ಕೆ ಕೆಂಪು ಹಸಿರು ನೀಲಿ ಮೂರು ಸಂಖ್ಯೆ, ಒಟ್ಟು 192. ಅಷ್ಟನ್ನು ನಾಲ್ಕಕ್ಕೆ ಇಳಿಸಿದಂತಾಯಿತು. 48 ಪಟ್ಟು ಕಡಿಮೆ.

ಸಾಫ್ಟ್‌ವೇರ್‌ನ ಮುಖ್ಯ ಭಾಗ ಈ 64ಕ್ಕೆ 64 ಪಟ್ಟಿಯನ್ನು ತುಂಬಿಸುತ್ತದೆ. ಕೊನೆಗೆ ಡಿಕೋಡರ್ ಎಂಬ ಇನ್ನೊಂದು ಭಾಗ ಅದನ್ನು ಹಿಗ್ಗಿಸಿ ಪಿಕ್ಸೆಲ್‌ಗಳಾಗಿ ಮಾಡುತ್ತದೆ. ಚರ್ಮದ ಹೊಳಪು, ಬಟ್ಟೆಯ ನೂಲು, ಕೂದಲಿನ ಎಳೆ ಇಂಥವನ್ನು ಈ ಡಿಕೋಡರ್ ಚೆನ್ನಾಗಿ ಊಹಿಸಿ ತುಂಬುತ್ತದೆ. ಒಂದು ಎಳೆ ಆಚೀಚೆ ಆದರೆ ಯಾರಿಗೆ ಗೊತ್ತಾಗುತ್ತೆ?

ಈಗ ಬೆರಳಿಗೆ ಬನ್ನಿ. ಬೆರಳಿನ ದಪ್ಪ ನಾಲ್ಕೂವರೆ ಪಿಕ್ಸೆಲ್, ಚೌಕದ ಅಗಲ 8 ಪಿಕ್ಸೆಲ್. ಒಂದು ಬೆರಳಿಗೆ ಒಂದು ಚೌಕವೂ ಪೂರ್ತಿ ಇಲ್ಲ. ನಾಲ್ಕು ಬೆರಳು ಪಕ್ಕಪಕ್ಕ ಸೇರಿದ ಇಡೀ ಅಂಗೈಗೆ ಎರಡೂವರೆ ಚೌಕಕ್ಕಿಂತ ಸ್ವಲ್ಪ ಜಾಸ್ತಿ. ಒಂದೊಂದು ಚೌಕದಲ್ಲೂ ಸುಮಾರು ಒಂದೂವರೆ ಬೆರಳು, ನಡುವಿನ ಸಂದು, ಅದರ ನೆರಳು, ಲೋಟದ ಅಂಚು ಎಲ್ಲ ಕೂತಿರಬೇಕು. ಇಷ್ಟಕ್ಕೆಲ್ಲ ನಾಲ್ಕು ಸಂಖ್ಯೆ. ಇಲ್ಲಿ "ಬೆರಳುಗಳ ಹಾಗೆ ಕಾಣುವ ಏನೋ" ಎಂದು ಬರೆದಿಡಬಹುದೇ ಹೊರತು "ನಾಲ್ಕು ಬೆರಳು" ಎಂದು ಬರೆದಿಡಲು ಜಾಗವೇ ಸಾಲುವುದಿಲ್ಲ.

ಹಾಗಾದರೆ ಇದು ಬರೀ ಜಾಗದ ತೊಂದರೆಯೇ? ಅಲ್ಲ. ಅದನ್ನು ಪರೀಕ್ಷಿಸುವುದೂ ಸುಲಭವಿತ್ತು. ಅದೇ 1.5ಕ್ಕೆ ಬರೀ ಕೈಯನ್ನು ಹತ್ತಿರದಿಂದ ತೋರಿಸು ಎಂದು ಹೇಳಿ. ಈಗ ಅಂಗೈ ಇಡೀ ಚಿತ್ರ ತುಂಬಿರುತ್ತದೆ. ಒಂದೊಂದು ಬೆರಳೂ ಐವತ್ತು ಅರವತ್ತು ಪಿಕ್ಸೆಲ್ ದಪ್ಪ, ಆರೇಳು ಚೌಕ. ಜಾಗಕ್ಕೇನೂ ಕೊರತೆಯಿಲ್ಲ. ಆದರೂ ಎಷ್ಟೋ ಸಲ ಆರು ಬೆರಳು ಬರುತ್ತಿತ್ತು. ಇಲ್ಲವೇ ಎರಡು ಹೆಬ್ಬೆರಳು. ಮುಖಕ್ಕೆ ಹೀಗಾಗುತ್ತಿರಲಿಲ್ಲ. ದೂರದಲ್ಲಿ ನಿಂತವನ ಮುಖ 1.5ರಲ್ಲಿ ಕಲಸಿಹೋಗುತ್ತಿತ್ತು ನಿಜ. ಹತ್ತಿರದಿಂದ ಕೇಳಿದರೆ ಮಾತ್ರ ಚೆನ್ನಾಗಿಯೇ ಬರುತ್ತಿತ್ತು, ಮೂರು ಕಣ್ಣು ಬರುತ್ತಿರಲಿಲ್ಲ. ಅಂದಮೇಲೆ ಕೈಗೆ ತನ್ನದೇ ಆದ ಎರಡನೇ ತೊಂದರೆ ಇದೆ.

ಅದು ಅರ್ಥವಾಗಬೇಕಾದರೆ ಈ ಸಾಫ್ಟ್‌ವೇರ್ ಏನನ್ನು ನೋಡಿ ಕಲಿಯಿತು ಎಂದು ನೋಡಬೇಕು. ಸ್ಟೇಬಲ್ ಡಿಫ್ಯೂಷನ್ ಕಲಿತದ್ದು ಲಾಯಾನ್-5ಬಿ ಎಂಬ ಸಂಗ್ರಹದಿಂದ ಆಯ್ದ ಚಿತ್ರಗಳಲ್ಲಿ. ಆ ಸಂಗ್ರಹದಲ್ಲಿ ಇಂಟರ್ನೆಟ್‌ನಿಂದ ಹೆಕ್ಕಿದ 585 ಕೋಟಿ ಚಿತ್ರಗಳ ಕೊಂಡಿಗಳಿದ್ದವು, ಒಂದೊಂದರ ಜೊತೆಗೂ ಆ ಪುಟದಲ್ಲಿದ್ದ ಸಣ್ಣ ವಿವರಣೆ. ಅಲ್ಲಿ ಕೈಗಳಿಗೇನೂ ಬರ ಇಲ್ಲ. ಆದರೆ ಆ ಕೈಗಳು ಹೇಗಿವೆ ಅಂತ ಯೋಚಿಸಿ. ಮುಖ ಇರುವ ಫೋಟೋದಲ್ಲಿ ಮುಖ ಸಾಮಾನ್ಯವಾಗಿ ಕ್ಯಾಮೆರಾ ಕಡೆಗೆ ತಿರುಗಿರುತ್ತದೆ. ಎರಡು ಕಣ್ಣು ಒಂದೇ ಮಟ್ಟದಲ್ಲಿ, ನಡುವೆ ಮೂಗು, ಕೆಳಗೆ ಬಾಯಿ. ಕೈ ಹಾಗಲ್ಲ. ಒಂದು ಕೈಯಲ್ಲಿ 27 ಮೂಳೆಗಳು. ಬೆರಳುಗಳು ಒಂದೊಂದೂ ಬೇರೆ ಬೇರೆ ಮಡಚಿಕೊಳ್ಳುತ್ತವೆ. ಇಡೀ ಕೈ ಮಣಿಕಟ್ಟಿನಲ್ಲಿ ತಿರುಗುತ್ತದೆ. ಅದು ಯಾವಾಗಲೂ ಏನನ್ನೋ ಹಿಡಿದುಕೊಂಡಿರುತ್ತದೆ, ಜೇಬಿನಲ್ಲಿರುತ್ತದೆ, ಇಲ್ಲವೇ ಇನ್ನೊಬ್ಬರ ಹೆಗಲ ಮೇಲಿರುತ್ತದೆ.

ನಮ್ಮ ಕಾಫಿಯವನನ್ನೇ ನಿಜವಾದ ಫೋಟೋದಲ್ಲಿ ನೋಡಿ. ಮೇಲಿನ ಕೈ ಲೋಟದ ಅಂಚನ್ನು ಹಿಡಿದಿದೆ. ನಮಗೆ ಕಾಣುವುದು ಹೆಬ್ಬೆರಳು, ತೋರುಬೆರಳು, ನಡುಬೆರಳಿನ ತುದಿ. ಉಳಿದೆರಡು ಲೋಟದ ಹಿಂದೆ. ಕೆಳಗಿನ ಕೈ ಬಟ್ಟಲನ್ನು ಅಡಿಯಿಂದ ಹಿಡಿದಿದೆ. ಅಲ್ಲಿ ನಾಲ್ಕು ಬೆರಳಿನ ಗೆಣ್ಣು ಕಾಣುತ್ತವೆ, ಹೆಬ್ಬೆರಳು ಬಟ್ಟಲಿನ ಆಚೆ. ಅಂದರೆ ಒಂದು ಕೈಯಲ್ಲಿ ಕಾಣುವುದು ಮೂರು, ಇನ್ನೊಂದರಲ್ಲಿ ನಾಲ್ಕು. ಕೈ ಮುಗಿದವರ ಫೋಟೋ ತೆಗೆದುಕೊಳ್ಳಿ, ಪಕ್ಕದಿಂದ ನೋಡಿದರೆ ಒಂದು ಕೈಯ ಬೆರಳಷ್ಟೇ ಕಾಣುತ್ತವೆ, ಓರೆಯಾಗಿ ನೋಡಿದರೆ ಏಳೋ ಎಂಟೋ ಕಾಣಬಹುದು. ಬೆರಳು ಹೆಣೆದು ಕೂತವರಲ್ಲಿ ಹತ್ತು ಬೆರಳು ಒಂದೇ ಗೊಂಚಲು. "ಕೈಗೆ ಐದು ಬೆರಳು" ಎನ್ನುವುದು ಮೈಯ ವಿಷಯದಲ್ಲಿ ಸತ್ಯ. ಫೋಟೋದಲ್ಲಿ ಕಾಣುವ ಬೆರಳುಗಳ ವಿಷಯದಲ್ಲಿ ಅದು ಹೆಚ್ಚಿನ ಸಲ ಸುಳ್ಳು. ಸಾಫ್ಟ್‌ವೇರ್ ಮೈಯನ್ನು ಎಂದೂ ನೋಡಿಲ್ಲ. ಅದು ನೋಡಿದ್ದು ಫೋಟೋಗಳನ್ನು ಮಾತ್ರ.

ಫೋಟೋ ಜೊತೆಗಿದ್ದ ವಿವರಣೆಯಿಂದಲೂ ಸಹಾಯ ಸಿಗಲಿಲ್ಲ. ಮದುವೆ ಫೋಟೋ ಕೆಳಗೆ ಯಾರಾದರೂ "ರೇಷ್ಮೆ ಸೀರೆಯಲ್ಲಿ ವಧು" ಎಂದು ಬರೆಯುತ್ತಾರೆ. "ಬಲಗೈಯ ನಾಲ್ಕು ಬೆರಳು ಕಾಣುತ್ತಿವೆ, ಹೆಬ್ಬೆರಳು ಹೂಮಾಲೆಯ ಹಿಂದೆ ಇದೆ" ಎಂದು ಯಾರು ಬರೆಯುತ್ತಾರೆ? ಯಾರೂ ಹೇಳದೇ ಇದ್ದದ್ದನ್ನು ಅದು ತಾನಾಗಿಯೇ ಕಂಡುಕೊಳ್ಳಬೇಕಿತ್ತು.

ಕಂಡುಕೊಳ್ಳಲು ಒತ್ತಡವೂ ಕಡಿಮೆಯಿತ್ತು. ಕಲಿಸುವಾಗ ಚಿತ್ರದ ಲೇಟೆಂಟ್ ಮೇಲೆ ಬೇಕೆಂದೇ ಗದ್ದಲದ ಚುಕ್ಕೆಗಳನ್ನು ಬೆರೆಸುತ್ತಾರೆ. ಯಾವುದು ಗದ್ದಲ ಎಂದು ಸಾಫ್ಟ್‌ವೇರ್ ಊಹಿಸಬೇಕು. ಎಷ್ಟು ತಪ್ಪಿತು ಎಂಬುದನ್ನು ಎಲ್ಲ ಚೌಕಗಳಿಗೂ ಸೇರಿಸಿ ಸರಾಸರಿ ತೆಗೆಯುತ್ತಾರೆ. ಆ ಸರಾಸರಿ ಕಡಿಮೆಯಾಗುವಂತೆ ಒಳಗಿನ ಸಂಖ್ಯೆಗಳನ್ನು ತಿದ್ದುತ್ತಾರೆ. ಕಾಫಿ ಚಿತ್ರದಲ್ಲಿ ಒಂದು ಕೈ 48ಕ್ಕೆ 21 ಪಿಕ್ಸೆಲ್, ಸುಮಾರು ಸಾವಿರ ಪಿಕ್ಸೆಲ್. ಇಡೀ ಚಿತ್ರದಲ್ಲಿ ಎರಡು ಲಕ್ಷದ ಅರವತ್ತೆರಡು ಸಾವಿರ ಪಿಕ್ಸೆಲ್. ಎರಡೂ ಕೈ ಸೇರಿದರೂ ನೂರರಲ್ಲಿ ಒಂದು ಪಾಲಿಲ್ಲ. ಅಲ್ಲಿ ಒಂದು ಬೆರಳು ಜಾಸ್ತಿಯಾದರೆ ಸರಾಸರಿ ಅಲುಗುವುದೇ ಇಲ್ಲ. ಗೋಡೆಯ ಬಣ್ಣ ಸ್ವಲ್ಪ ತಪ್ಪಿದರೆ ಅದಕ್ಕಿಂತ ದೊಡ್ಡ ದಂಡ ಬೀಳುತ್ತದೆ. ನಮ್ಮ ಕಣ್ಣಿಗೆ ಮಾತ್ರ ಉಲ್ಟಾ. ಗೋಡೆಯ ಬಣ್ಣವನ್ನು ನಾವು ನೋಡುವುದೇ ಇಲ್ಲ, ಆರನೇ ಬೆರಳು ಥಟ್ಟನೆ ಕಾಣುತ್ತದೆ.

ಇನ್ನು ಚಿತ್ರ ಹುಟ್ಟುವ ರೀತಿ. ಶುರುವಿನಲ್ಲಿ ಪಟ್ಟಿಯ ತುಂಬ ಬರೀ ಗದ್ದಲ. ಇಪ್ಪತ್ತರಿಂದ ಐವತ್ತು ಸುತ್ತಿನಲ್ಲಿ ಅದನ್ನು ಸ್ವಲ್ಪ ಸ್ವಲ್ಪವೇ ತೆಗೆಯುತ್ತಾ ಹೋಗುತ್ತದೆ. ಮೊದಲ ಕೆಲವು ಸುತ್ತಿನಲ್ಲಿ ದೊಡ್ಡ ಆಕಾರಗಳು ನಿಲ್ಲುತ್ತವೆ. ಇಲ್ಲಿ ಮನುಷ್ಯ, ಇಲ್ಲಿ ಗೋಡೆ, ತೋಳಿನ ತುದಿಯಲ್ಲಿ ಚರ್ಮದ ಬಣ್ಣದ ಒಂದು ಮುದ್ದೆ. ಆ ಮುದ್ದೆಯ ಅಗಲ ಎಷ್ಟು ಎಂಬುದು ಆಗಲೇ ತೀರ್ಮಾನ ಆಗಿಬಿಡುತ್ತದೆ. ಆಮೇಲಿನ ಸುತ್ತುಗಳಲ್ಲಿ ಅದರೊಳಗೆ ಬೆರಳಿನ ಗೆರೆಗಳು ಬೀಳುತ್ತವೆ. ಮುದ್ದೆ ಸ್ವಲ್ಪ ಅಗಲವಾಗಿದ್ದರೆ? ಒಂದು ಬೆರಳಿನ ಪಕ್ಕ ಇನ್ನೊಂದು ಬೆರಳಿರುವುದು ಫೋಟೋಗಳಲ್ಲಿ ಬಹಳ ಸಹಜ. ಹಾಗಾಗಿ ಇನ್ನೊಂದು ಬಿತ್ತು. ಮಾಟುಂಗದ ಹೂವಿನ ಅಂಗಡಿಯಲ್ಲಿ ಮಲ್ಲಿಗೆ ಕಟ್ಟುವವರ ಕೈ ಹಿಂದಿನ ಹೂವನ್ನು ಮುಟ್ಟಿ ಮುಂದಿನದನ್ನು ಸೇರಿಸುತ್ತಾ ಹೋಗುತ್ತದಲ್ಲ, ಸಾಲು ತುಂಬುವವರೆಗೆ? ಎಷ್ಟು ಹೂ ಅಂತ ಯಾರೂ ಎಣಿಸುವುದಿಲ್ಲ. ಹಾಗೆಯೇ ಇದು. ಒಂದೊಂದು ಬೆರಳನ್ನೂ ಬಿಡಿಯಾಗಿ ನೋಡಿದರೆ ಸರಿಯಾಗಿಯೇ ಇರುತ್ತದೆ, ಉಗುರು ಗೆಣ್ಣು ಸಮೇತ. ಆರು ಬೆರಳಿನ ಕೈ ನಮಗೆ ಅಷ್ಟು ವಿಚಿತ್ರವಾಗಿ ಕಂಡದ್ದು ಇದೇ ಕಾರಣಕ್ಕೆ. ಕೆಟ್ಟ ಚಿತ್ರಕಾರ ಬಿಡಿಸಿದ ಕೈಯಲ್ಲಿ ಬೆರಳುಗಳು ಕೆಟ್ಟದಾಗಿರುತ್ತವೆ, ಲೆಕ್ಕ ಮಾತ್ರ ಸರಿಯಿರುತ್ತದೆ.

ಆ ದಿನಗಳಲ್ಲಿ ಎಲ್ಲರೂ ಮಾಡುತ್ತಿದ್ದ ಮೊದಲ ಉಪಾಯ, ಬೇಡವಾದದ್ದರ ಪಟ್ಟಿ ಕೊಡುವುದು. ನೆಗೆಟಿವ್ ಪ್ರಾಂಪ್ಟ್ ಎಂಬ ಜಾಗದಲ್ಲಿ ಹೀಗೆ ಬರೆಯುತ್ತಿದ್ದರು:

```
bad hands, extra fingers, missing fingers, mutated hands
```

ಇದನ್ನು ಮಂತ್ರದ ಹಾಗೆ ಒಬ್ಬರಿಂದೊಬ್ಬರು ಕಾಪಿ ಮಾಡಿಕೊಂಡರು. ನನಗೆ ಇದರಲ್ಲಿ ಯಾವತ್ತೂ ದೊಡ್ಡ ನಂಬಿಕೆ ಇರಲಿಲ್ಲ. ಫೋಟೋದ ಜೊತೆ "ಕೆಟ್ಟ ಕೈ" ಎಂದು ಬರೆದು ಇಂಟರ್ನೆಟ್‌ನಲ್ಲಿ ಹಾಕುವವರು ಎಷ್ಟು ಜನ? ಕೆಟ್ಟ ಕೈ ಎಂದರೆ ಏನೆಂದೇ ಕಲಿಯದ ಸಾಫ್ಟ್‌ವೇರ್‌ಗೆ ಅದು ಬೇಡ ಎಂದರೆ ಏನು ಮಾಡೀತು? ಸ್ವಲ್ಪ ಪ್ರಯೋಜನ ಕಂಡಾಗಲೂ ಅದಕ್ಕೆ ಕಾರಣ ಬೇರೆಯೇ ಇರುತ್ತಿತ್ತು. ಚಿತ್ರದ ಜೋಡಣೆಯೇ ಬದಲಾಗಿ, ಕೈ ಬೆನ್ನ ಹಿಂದೆ ಹೋಗಿರುತ್ತಿತ್ತು.

ನಿಜವಾಗಿ ಕೆಲಸ ಮಾಡಿದ್ದು ಇನ್‌ಪೇಂಟಿಂಗ್. ಅದು ಯಾಕೆ ಕೆಲಸ ಮಾಡಿತು ಎನ್ನುವುದು ಮೇಲಿನ ಅಳತೆಯಿಂದಲೇ ತಿಳಿಯುತ್ತದೆ. ದಾದರಿನ ಗೆಳೆಯ ಕಾಫಿ ಚಿತ್ರ ತಿದ್ದಿದ್ದೂ ಹೀಗೆಯೇ. ಕೆಟ್ಟ ಕೈಯ ಮೇಲೆ ಬ್ರಶ್‌ನಿಂದ ಬಳಿದು, ಅಷ್ಟನ್ನು ಮಾತ್ರ ಮತ್ತೆ ಬಿಡಿಸು ಎಂದು ಹೇಳಬೇಕು. ಆಗ ಜಾಸ್ತಿ ಬಳಕೆಯಲ್ಲಿದ್ದ ಸಾಫ್ಟ್‌ವೇರ್ ಪರದೆಯಲ್ಲಿ `Only masked` ಎಂಬ ಆಯ್ಕೆ ಇತ್ತು. ಅದನ್ನು ಒತ್ತಿದರೆ ಬಳಿದ ಜಾಗ, ಅದರ ಸುತ್ತ ಸ್ವಲ್ಪ ಅಂಚು ಸೇರಿಸಿ ಒಂದು ಚೌಕ ಕತ್ತರಿಸಿಕೊಳ್ಳುತ್ತದೆ. ಅದು 128 ಪಿಕ್ಸೆಲ್ ಚೌಕ ಎಂದಿಟ್ಟುಕೊಳ್ಳಿ. ಅದನ್ನು 512ಕ್ಕೆ ಹಿಗ್ಗಿಸಿ, ಅಲ್ಲಿ ಹೊಸದಾಗಿ ಬಿಡಿಸಿ, ಮತ್ತೆ ಕುಗ್ಗಿಸಿ ವಾಪಸ್ ಅಂಟಿಸುತ್ತದೆ. ನಾಲ್ಕು ಪಟ್ಟು ಹಿಗ್ಗಿದಾಗ ನಾಲ್ಕೂವರೆ ಪಿಕ್ಸೆಲ್ ಬೆರಳು 18 ಪಿಕ್ಸೆಲ್ ಆಯಿತು. ಅರ್ಧ ಚೌಕದಲ್ಲಿದ್ದ ಬೆರಳಿಗೆ ಈಗ ಎರಡು ಚೌಕಕ್ಕಿಂತ ಜಾಸ್ತಿ ಜಾಗ.

ಇಲ್ಲೊಂದು ಹದ ಬೇಕು. `Denoising strength` ಎಂಬ ಸಂಖ್ಯೆ ಇದೆ. ಹಳೆಯದನ್ನು ಎಷ್ಟು ಅಳಿಸಬೇಕು ಎನ್ನುವುದು ಅದರ ಅರ್ಥ. 0.3 ಇಟ್ಟರೆ ಆರು ಬೆರಳಿನ ಮುದ್ದೆ ಹಾಗೇ ಉಳಿದು, ಆರೂ ಬೆರಳು ಇನ್ನೂ ಚೊಕ್ಕವಾಗಿ ಬರುತ್ತವೆ. 0.9 ಇಟ್ಟರೆ ಕೈ ಪೂರ್ತಿ ಹೊಸದು. ಆದರೆ ಲೋಟ ಯಾವ ಕಡೆ ಇತ್ತು ಎಂಬುದೇ ಮರೆತುಹೋಗಿ, ಕೈ ಬೇರೆ ದಿಕ್ಕಿಗೆ ತಿರುಗಿರುತ್ತದೆ. ಮಧ್ಯದಲ್ಲೆಲ್ಲೋ ಇಟ್ಟು, ಹಲವು ಪ್ರತಿ ತೆಗೆಸಿ, ಒಪ್ಪುವುದನ್ನು ಆರಿಸಬೇಕು. ಬುದ್ಧಿವಂತರು ಮೊದಲು ಫೋಟೋಶಾಪ್‌ನಲ್ಲಿ ಆರನೇ ಬೆರಳನ್ನು ಒರಟಾಗಿ ಅಳಿಸಿ ಆಮೇಲೆ ಇನ್‌ಪೇಂಟ್ ಮಾಡುತ್ತಿದ್ದರು. ಮುದ್ದೆಯ ಅಗಲ ಮೊದಲೇ ಸರಿಯಾದರೆ ಉಳಿದದ್ದು ಸುಲಭ.

2023ರ ಫೆಬ್ರವರಿಯಲ್ಲಿ ಸ್ಟೇಬಲ್ ಡಿಫ್ಯೂಷನ್‌ಗೆ ಜೋಡಿಸುವ ಕಂಟ್ರೋಲ್‌ನೆಟ್ ಬಂತು. ಅದರಲ್ಲಿ ಕೈಯ ಅಸ್ಥಿಪಂಜರವನ್ನೇ ಕೊಡಬಹುದು. ಮಣಿಕಟ್ಟಿಗೆ ಒಂದು, ಒಂದೊಂದು ಬೆರಳಿಗೆ ನಾಲ್ಕು, ಒಟ್ಟು 21 ಬಿಂದುಗಳು. ಅಥವಾ ನಿಮ್ಮದೇ ಕೈಯಲ್ಲಿ ಲೋಟ ಹಿಡಿದು ಮೊಬೈಲಿನಲ್ಲಿ ಫೋಟೋ ತೆಗೆದು, ಅದರ ಉಬ್ಬುತಗ್ಗಿನ ನಕ್ಷೆ ಕೊಡಬಹುದು. ಈಗ ಲೆಕ್ಕ ಇಡುವ ಕೆಲಸ ಸಾಫ್ಟ್‌ವೇರ್‌ದಲ್ಲ, ನಮ್ಮದು. ಅದು ಬರೀ ಚರ್ಮ ಹಚ್ಚಿದರೆ ಸಾಕು.

ಇವೆಲ್ಲ ಮಾಡಿಸಿದವರು ಹೊರಗಿನಿಂದ ಹಾಕಿದ ತೇಪೆಗಳು. ಹೊಸ ಸಾಫ್ಟ್‌ವೇರ್‌ಗಳು ಇದನ್ನು ಒಳಗಿನಿಂದ ಹೇಗೆ ತಿದ್ದಿಕೊಂಡವು?

ಮೊದಲ ಹೆಜ್ಜೆ ಜಾಗ. 2023ರ ಜುಲೈನಲ್ಲಿ ಬಂದ ಸ್ಟೇಬಲ್ ಡಿಫ್ಯೂಷನ್‌ನ ಹೊಸ ಆವೃತ್ತಿ ಎಸ್‌ಡಿಎಕ್ಸ್‌ಎಲ್ 1024ಕ್ಕೆ 1024 ಪಿಕ್ಸೆಲ್‌ನಲ್ಲಿ ಕಲಿಯಿತು. ಅದೇ ಕಾಫಿಯವನನ್ನು ಅಲ್ಲಿ ಬಿಡಿಸಿದರೆ ಬೆರಳು 9 ಪಿಕ್ಸೆಲ್, ಅಂದರೆ ಬೆರಳಿಗೊಂದು ಚೌಕ. ಬಹಳ ಅಲ್ಲ, ಆದರೆ ಅರ್ಧದಿಂದ ಒಂದಕ್ಕೆ ಏರಿದ್ದು ದೊಡ್ಡದೇ. ಇನ್ನೊಂದು ಚಿಕ್ಕ ತಿದ್ದುಪಡಿ ನನಗೆ ಬಹಳ ಹಿಡಿಸಿತು. ಮೊದಲು ಕಲಿಸುವಾಗ ಉದ್ದ ಫೋಟೋಗಳನ್ನು ಚೌಕಕ್ಕೆ ಕತ್ತರಿಸುತ್ತಿದ್ದರು. ಕತ್ತರಿ ಬೀಳುವುದು ಅಂಚಿನಲ್ಲಿ, ಕೈಗಳಿರುವುದೂ ಎಷ್ಟೋ ಸಲ ಅಂಚಿನಲ್ಲೇ. ಅರ್ಧ ಕೈ ಇರುವುದು ಸಹಜ ಎಂದು ಸಾಫ್ಟ್‌ವೇರ್ ಕಲಿತುಬಿಡುತ್ತಿತ್ತು. ಎಸ್‌ಡಿಎಕ್ಸ್‌ಎಲ್ ಕಲಿಸುವಾಗ ಎಲ್ಲಿ ಕತ್ತರಿಸಿದ್ದೇವೆ ಎಂಬುದನ್ನೂ ಚಿತ್ರದ ಜೊತೆಗೇ ತಿಳಿಸಿದರು. ಆಗ ಕತ್ತರಿಯ ತಪ್ಪು ಯಾವುದು, ಮೈಯ ಆಕಾರ ಯಾವುದು ಎಂದು ಬೇರೆ ಮಾಡಿಕೊಳ್ಳಲು ಸಾಧ್ಯವಾಯಿತು.

2024ರಲ್ಲಿ ಬಂದ ಸ್ಟೇಬಲ್ ಡಿಫ್ಯೂಷನ್ 3 ಮತ್ತು ಫ್ಲಕ್ಸ್ ಎಂಬ ಇನ್ನೊಂದು ಸಾಫ್ಟ್‌ವೇರ್ ಚೌಕದ ಒಳಗನ್ನೇ ಹಿಗ್ಗಿಸಿದವು. ಚೌಕ ಅದೇ 8 ಪಿಕ್ಸೆಲ್, ಒಳಗೆ ಮಾತ್ರ ನಾಲ್ಕರ ಬದಲು 16 ಸಂಖ್ಯೆ. ಎರಡು ಬೆರಳು ಮತ್ತು ನಡುವಿನ ಸಂದನ್ನು ಒಂದೇ ಚೌಕದಲ್ಲಿ ಬರೆದಿಡಲು ಈಗ ಅವಕಾಶವಿದೆ. ಸಾಫ್ಟ್‌ವೇರ್‌ನ ಗಾತ್ರವೂ ಬೆಳೆಯಿತು. 1.5ರ ಮುಖ್ಯ ಭಾಗದಲ್ಲಿ ಕಲಿತು ತಿದ್ದಿಕೊಳ್ಳುವ ಸಂಖ್ಯೆಗಳು 86 ಕೋಟಿ. ಎಸ್‌ಡಿಎಕ್ಸ್‌ಎಲ್‌ನಲ್ಲಿ 260 ಕೋಟಿ. ಫ್ಲಕ್ಸ್‌ನಲ್ಲಿ 1,200 ಕೋಟಿ. ಕೈಯಂಥ ನೂರೆಂಟು ಭಂಗಿಯ ವಸ್ತುವನ್ನು ನೆನಪಿಡಲು ಇದು ಬೇಕೇ ಬೇಕು.

ಹಾಗಂತ ಜಾಗವೇ ಎಲ್ಲ ಎಂದುಕೊಳ್ಳಬೇಡಿ. ಸ್ಟೇಬಲ್ ಡಿಫ್ಯೂಷನ್ 3 ಮೀಡಿಯಂ ಅದಕ್ಕೆ ಒಳ್ಳೆಯ ಪಾಠ. 2024ರ ಜೂನ್‌ನಲ್ಲಿ ಅದನ್ನು ಬಿಟ್ಟಾಗ ಚೌಕದಲ್ಲಿ 16 ಸಂಖ್ಯೆ ಇತ್ತು, 1024 ಪಿಕ್ಸೆಲ್ ಇತ್ತು. ಆದರೂ "ಹುಲ್ಲಿನ ಮೇಲೆ ಮಲಗಿದ ಹೆಂಗಸು" ಎಂದು ಕೇಳಿದರೆ ಕೈಕಾಲು ಎಲ್ಲೆಲ್ಲೋ ಅಂಟಿಕೊಂಡ ಚಿತ್ರಗಳು ಬಂದವು. ಇಂಟರ್ನೆಟ್ ತುಂಬ ನಗೆಪಾಟಲು. ಅಶ್ಲೀಲ ಚಿತ್ರಗಳನ್ನು ಸೋಸುವಾಗ ಮೈಯ ಆಕಾರ ಕಲಿಸುವ ಚಿತ್ರಗಳೂ ಹೋಗಿಬಿಟ್ಟಿರಬೇಕು ಎಂದು ಬಳಸುವವರು ಊಹಿಸಿದರು. ಅಕ್ಟೋಬರ್‌ನಲ್ಲಿ 3.5 ಬಿಡುವಾಗ, ಜೂನ್‌ನ ಆವೃತ್ತಿ ತಮ್ಮ ಮಟ್ಟಕ್ಕೆ ಪೂರ್ತಿ ಬಂದಿರಲಿಲ್ಲ ಎಂದು ಕಂಪನಿಯೇ ಹೇಳಿತು. ಅದೇ ವರ್ಷದ ಆಗಸ್ಟ್‌ನಲ್ಲಿ ಬಂದ ಫ್ಲಕ್ಸ್‌ನಲ್ಲಿ ಕೈಗಳು ಬಹುಪಾಲು ಸರಿಯಾಗಿದ್ದವು. ಚೌಕದ ಅಳತೆ ಎರಡರಲ್ಲೂ ಒಂದೇ.

ಹಾಗಾದರೆ ಉಳಿದ ವ್ಯತ್ಯಾಸ ಕಲಿಸುವ ರೀತಿಯಲ್ಲಿದೆ. ಅಲ್ಲಿ ಎರಡು ಮುಖ್ಯ ಬದಲಾವಣೆ ಆದವು. ಒಂದು ವಿವರಣೆ. ಡಾಲ್-ಇ 3 ಎಂಬ ಚಿತ್ರ ಸಾಫ್ಟ್‌ವೇರ್ ಮಾಡಿದವರು 2023ರಲ್ಲಿ ಇದನ್ನು ಬರೆದು ತೋರಿಸಿದರು. ಇಂಟರ್ನೆಟ್‌ನ ಅರ್ಧಂಬರ್ಧ ವಿವರಣೆ ಬಿಟ್ಟು, ಚಿತ್ರ ನೋಡಿ ಉದ್ದವಾಗಿ ವಿವರಿಸುವ ಇನ್ನೊಂದು ಎಐಯಿಂದ ಹೊಸದಾಗಿ ಬರೆಸಿದರು. ಕಲಿಸುವಾಗ ನೂರಕ್ಕೆ 95 ಪಾಲು ಇಂಥ ವಿವರಣೆ, ಐದು ಪಾಲು ಮಾತ್ರ ಹಳೆಯದು. "ಬಲಗೈಯಲ್ಲಿ ಲೋಟದ ಅಂಚು ಹಿಡಿದಿದ್ದಾನೆ, ಎಡಗೈ ಕೆಳಗಿದೆ" ಎಂಬಂಥ ಮಾತು ಜೊತೆಗಿದ್ದರೆ, ಆ ಚರ್ಮದ ಮುದ್ದೆ ಯಾಕೆ ಹಾಗಿದೆ ಎನ್ನುವುದಕ್ಕೆ ಒಂದು ಆಧಾರ ಸಿಗುತ್ತದೆ. ಮೂರೇ ಬೆರಳು ಕಾಣುವುದು ಹಿಡಿತದಿಂದ ಎಂದು ಜೋಡಿಸಿಕೊಳ್ಳಬಹುದು.

ಇನ್ನೊಂದು, ಮನುಷ್ಯರ ಆಯ್ಕೆ. ನನ್ನ ಲೆಕ್ಕದಲ್ಲಿ ಇದೇ ದೊಡ್ಡದು. ಸರಾಸರಿ ತಪ್ಪಿನ ಲೆಕ್ಕದಲ್ಲಿ ಆರನೇ ಬೆರಳಿಗೆ ಬೆಲೆಯೇ ಇರಲಿಲ್ಲ ಎಂದೆವಲ್ಲ? ಈಗ ಮೊದಲ ಸುತ್ತಿನ ಕಲಿಕೆ ಮುಗಿದ ಮೇಲೆ ಒಂದೇ ಕೋರಿಕೆಗೆ ಬಂದ ಎರಡು ಚಿತ್ರಗಳನ್ನು ಜನರಿಗೆ ತೋರಿಸಿ ಯಾವುದು ಚೆನ್ನಾಗಿದೆ ಎಂದು ಕೇಳುತ್ತಾರೆ. ಕೈ ಕೆಟ್ಟ ಚಿತ್ರವನ್ನು ಜನ ಥಟ್ಟನೆ ಬದಿಗಿಡುತ್ತಾರೆ. ಗೆದ್ದ ಚಿತ್ರದ ಕಡೆಗೆ ವಾಲುವಂತೆ ಸಾಫ್ಟ್‌ವೇರನ್ನು ತಿದ್ದುತ್ತಾರೆ. ಮೆಟಾ ಕಂಪನಿ 2023ರಲ್ಲಿ ಇಮ್ಯು ಎಂಬ ತನ್ನ ಸಾಫ್ಟ್‌ವೇರ್ ಬಗ್ಗೆ ಬರೆಯುತ್ತಾ, ಕೈಯಾರೆ ಆರಿಸಿದ ಕೆಲವೇ ಸಾವಿರ ಒಳ್ಳೆಯ ಚಿತ್ರಗಳಿಂದ ಕೊನೆಯ ಹದ ಕೊಟ್ಟರೂ ಗುಣಮಟ್ಟ ಬಹಳ ಏರುತ್ತದೆ ಎಂದು ತೋರಿಸಿತು. ನೂರರಲ್ಲಿ ಒಂದು ಪಾಲೂ ಇಲ್ಲದ ಜಾಗದ ತಪ್ಪಿಗೆ ಮೊದಲ ಸಲ ದೊಡ್ಡ ದಂಡ ಬಿದ್ದದ್ದು ಹೀಗೆ.

ಮಿಡ್‌ಜರ್ನಿ ಎಂಬ ಇನ್ನೊಂದು ಚಿತ್ರ ಸಾಫ್ಟ್‌ವೇರ್‌ನ ಐದನೇ ಆವೃತ್ತಿ 2023ರ ಮಾರ್ಚ್‌ನಲ್ಲಿ ಬಂದಾಗಲೇ ಕೈಗಳು ಎದ್ದುಕಾಣುವಷ್ಟು ಸುಧಾರಿಸಿದ್ದವು. ಅದೇ ತಿಂಗಳು ಪೋಪ್ ಫ್ರಾನ್ಸಿಸ್ ಬಿಳಿ ಪಫರ್ ಜಾಕೆಟ್ ಹಾಕಿಕೊಂಡ ಮಿಡ್‌ಜರ್ನಿ ಚಿತ್ರ ಹರಡಿ ಎಷ್ಟೋ ಜನ ನಿಜವೆಂದೇ ನಂಬಿದರು. ಅದರಲ್ಲಿ ಆರು ಬೆರಳು ಎದ್ದು ಕಾಣುತ್ತಿರಲಿಲ್ಲ. ಆದರೆ ಕೈಗೂ ಅದು ಹಿಡಿದ ಕಾಫಿ ಲೋಟಕ್ಕೂ ಸರಿಯಾಗಿ ಕೂಡಿರಲಿಲ್ಲ. ತಪ್ಪು ಲೆಕ್ಕದಿಂದ ಹಿಡಿತಕ್ಕೆ ಸರಿದಿತ್ತು.

ಇವತ್ತಿಗೂ ನೋಡಬೇಕಾದದ್ದು ಅಲ್ಲಿಯೇ. ಬೆರಳು ಎಣಿಸಬೇಡಿ, ಮುಟ್ಟುವ ಜಾಗ ನೋಡಿ. ಲೋಟ ಹಿಡಿದ ಬೆರಳಿನ ತುದಿ ಲೋಟಕ್ಕೆ ಒತ್ತಿದೆಯೇ, ಅಥವಾ ಪಕ್ಕದಲ್ಲಿ ಸುಮ್ನೆ ಇದೆಯೇ? ಬಿಸಿ ಲೋಟವನ್ನು ಯಾರೂ ಅಂಗೈಯಿಂದ ಅಪ್ಪಿ ಹಿಡಿಯುವುದಿಲ್ಲ, ಅಂಚಿನಲ್ಲಿ ಹಿಡಿಯುತ್ತಾರೆ. ಹೆಬ್ಬೆರಳು ಯಾವ ಕಡೆಗಿದೆ? ಬಲಗೈ ಇರಬೇಕಾದ ತೋಳಿಗೆ ಎಡಗೈ ಸೇರಿಕೊಂಡಿರುವುದು ಈಗಲೂ ಆಗುತ್ತದೆ, ಐದು ಬೆರಳೂ ಸರಿಯಿರುವುದರಿಂದ ಕಣ್ಣು ತಪ್ಪಿಸಿಕೊಳ್ಳುತ್ತದೆ. ಸ್ಟೀಲ್ ಲೋಟವಾದರೆ ಅದರ ಮೈಯಲ್ಲಿ ಬೆರಳಿನ ಪ್ರತಿಬಿಂಬ ಬಿದ್ದೇ ಬೀಳುತ್ತದೆ. ಹೊರಗೆ ಮೂರು ಬೆರಳು, ಪ್ರತಿಬಿಂಬದಲ್ಲಿ ಬರೀ ಕಂದು ಪಟ್ಟೆ ಇದ್ದರೆ ಅನುಮಾನ ಪಡಬಹುದು. ವೀಣೆ, ಮೃದಂಗ, ಕೊಳಲು ನುಡಿಸುವ ಕೈಗಳೂ ಹೀಗೆಯೇ. ಬೆರಳು ಐದೇ ಇರುತ್ತವೆ, ತಂತಿಯ ಮೇಲೆ ಮಾತ್ರ ಇರುವುದಿಲ್ಲ.

ಹಳೆಯ ಅಳತೆ ಪೂರ್ತಿ ಮಾಯವಾಗಿಲ್ಲ ಎಂಬುದಕ್ಕೆ ಮುಂಬಯಿಯಲ್ಲೇ ಒಂದು ಒಳ್ಳೆಯ ಪರೀಕ್ಷೆ ಇದೆ. ದಹಿಹಂಡಿಯ ಚಿತ್ರ ಮಾಡಿಸಿ. ಮೊಸರು ಕುಡಿಕೆ ಒಡೆಯಲು ಒಬ್ಬರ ಮೇಲೊಬ್ಬರು ಹತ್ತಿದ ಐದು ಅಂತಸ್ತಿನ ಗೋವಿಂದರು, ಎಲ್ಲರ ಕೈಯೂ ಇನ್ನೊಬ್ಬರ ಹೆಗಲ ಮೇಲೆ. 1024 ಪಿಕ್ಸೆಲ್ ಎತ್ತರದಲ್ಲಿ ಒಬ್ಬೊಬ್ಬರಿಗೆ 180 ಪಿಕ್ಸೆಲ್ ಸಿಕ್ಕರೆ ಹೆಚ್ಚು. ಆಗ ಕೈ ಸುಮಾರು 20 ಪಿಕ್ಸೆಲ್, ಬೆರಳು ಎರಡೇ ಪಿಕ್ಸೆಲ್. ಒಂದು ಚೌಕದ ಕಾಲು ಭಾಗ. ಅಂದರೆ 2023ರ ಕಾಫಿಯವನಿಗಿಂತಲೂ ಇಕ್ಕಟ್ಟು. ಚೌಕದಲ್ಲಿ 16 ಸಂಖ್ಯೆ ಇದ್ದರೂ ಇಲ್ಲಿ ಸಾಲುವುದಿಲ್ಲ. ಕೆಳಗಿನ ಸಾಲಿನಲ್ಲಿ ಒಂದು ತೋಳನ್ನು ಹಿಡಿದು, ಅದು ಯಾರ ಹೆಗಲಿನಿಂದ ಹೊರಟಿತು, ಎಲ್ಲಿ ಮುಗಿಯಿತು ಎಂದು ಹುಡುಕುತ್ತಾ ಹೋಗಿ. ಎರಡು ತೋಳು ಸೇರಿ ಒಂದಾಗಿರುತ್ತವೆ, ಅಥವಾ ಹೆಗಲ ಮೇಲೆ ಯಾರಿಗೂ ಸೇರದ ಒಂದು ಕೈ ಕೂತಿರುತ್ತದೆ.

ಆದರೆ ವಾಟ್ಸಾಪ್‌ನಲ್ಲಿ ಬಂದ ಪ್ರತಿಯ ಮೇಲೆ ಈ ಪರೀಕ್ಷೆ ಮಾಡಬೇಡಿ. ಅಲ್ಲಿ ನಿಜವಾದ ಫೋಟೋ ಕೂಡ ಕುಗ್ಗಿ, ಕೈಗಳು ಕಲಸಿಹೋಗಿರುತ್ತವೆ. ಮೂಲ ಫೈಲ್ ಕೇಳಿ. 12 ಮೆಗಾಪಿಕ್ಸೆಲ್ ಮೊಬೈಲ್ ಫೋಟೋದ ಉದ್ದ ಬದಿ ಸುಮಾರು 4,000 ಪಿಕ್ಸೆಲ್. ಅದೇ ಗೋವಿಂದನ ಬೆರಳು ಅಲ್ಲಿ ಏಳು ಪಿಕ್ಸೆಲ್ ದಪ್ಪ ಇರುತ್ತದೆ. ಹಿಗ್ಗಿಸಿದಾಗ ಯಾವ ಬೆರಳು ಯಾರದು ಎಂದು ಬಿಡಿಸಿ ಹೇಳಬಹುದು. ಎಐ ಚಿತ್ರವನ್ನು ಆಮೇಲೆ 4,000ಕ್ಕೆ ಹಿಗ್ಗಿಸಿದ್ದರೆ ಚರ್ಮ, ಬೆವರು, ಉಗುರು ಎಲ್ಲ ಚೊಕ್ಕವಾಗಿ ಕಾಣುತ್ತವೆ, ಯಾರಿಗೂ ಸೇರದ ಆ ಕೈ ಮಾತ್ರ ಅಲ್ಲೇ ಇರುತ್ತದೆ.